ಹನ್ನೆರಡು ಕೇಳಲು ಹೋಗಿ ಐದು ಕೇಳಿದ್ದು

ನಾನು ಬೆಂಗಳೂರಿನ ಒಂದು ಹಳೆಯ ಕನ್ನಡ ಮಾಧ್ಯಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ನಮ್ಮ ಲ್ಯಾಬಿನಲ್ಲಿ 20 ಕಂಪ್ಯೂಟರ್‌ಗಳಿವೆ. 8 ಕೊಂಡದ್ದು 2019ರಲ್ಲಿ. ಉಳಿದ 12 ಕೊಂಡದ್ದು 2013ರಲ್ಲಿ, ತಲೆನೋವೆಲ್ಲ ಅವುಗಳದೇ.

ಕಳೆದ ವರ್ಷ ಮೇ ತಿಂಗಳಲ್ಲಿ ಆಡಳಿತ ಮಂಡಳಿಗೆ ಒಂದು ಪತ್ರ ಬರೆದಿದ್ದೆ. 'ಕಂಪ್ಯೂಟರ್‌ಗಳು ತುಂಬಾ ಹಳೆಯದಾಗಿವೆ, ಪದೇ ಪದೇ ಕೆಡುತ್ತಿವೆ, 12 ಹೊಸದು ಕೊಡಿಸಬೇಕು' ಅಂತ. ಕಾರ್ಯದರ್ಶಿಗಳು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪದೇ ಪದೇ ಅಂದ್ರೆ ಎಷ್ಟು ಸಲ ಮೇಷ್ಟ್ರೇ? ಹೋದ ವರ್ಷ ತಾನೇ ರಿಪೇರಿಗೆ ದುಡ್ಡು ಕೊಟ್ಟಿದ್ವಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಸಿಟ್ಟು ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸಿದಾಗ ಅವರು ಕೇಳಿದ್ದು ಸರಿ ಅನ್ನಿಸಿತು.

ಜೂನ್‌ನಲ್ಲಿ ಶಾಲೆ ತೆರೆದಾಗ ಕಂಪ್ಯೂಟರ್ ಮೇಡಂ ಜೊತೆ ಕೂತು ಒಂದು ಉದ್ದದ ನೋಟ್‌ಬುಕ್ಕಿಗೆ ಗೆರೆ ಹಾಕಿದೆವು. ತಾರೀಖು, ಗಂಟೆ, ಮೆಷಿನ್ ನಂಬರ್, ಪರದೆ ಮೇಲೆ ಕಂಡದ್ದು, ಏನು ಮಾಡಿದೆವು, ಯಾವಾಗ ಸರಿಯಾಯಿತು. ಇಷ್ಟೇ. ಪ್ರತಿ ಡಬ್ಬಿಯ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆಸಿದೆವು. ಬರೆಯುವ ಕೆಲಸ ಆ ಮೆಷಿನ್ ಮುಂದೆ ಕೂತ ಮಕ್ಕಳದ್ದು. ಒಂದೇ ಷರತ್ತು: 'ಕೆಟ್ಟಿದೆ' ಅಂತ ಬರೆಯಬಾರದು, ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಮೊದಲ ವಾರ 'ಸ್ಕ್ರೀನ್ ಸತ್ತುಹೋಯ್ತು ಸರ್' ಅಂತೆಲ್ಲ ಬಂತು. ಆಮೇಲೆ ಮಕ್ಕಳು ಪಳಗಿದರು.

ನವೆಂಬರ್ ಕೊನೆಗೆ 68 ದಾಖಲೆಗಳಾದವು. 68 ಸಲ ಕೆಟ್ಟಿದೆ ಅಂತ ಕಾರ್ಯದರ್ಶಿಗಳ ಮುಂದೆ ಇಟ್ಟುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಮೇಡಂ ಬಿಡಲಿಲ್ಲ. "ಕಾರಣ ಬೇರೆ ಬೇರೆ ಸರ್, ವಿಂಗಡಿಸೋಣ" ಅಂದರು.

19 ದಾಖಲೆ ಬರೀ ಮೌಸ್, ಕೀಬೋರ್ಡ್, ಸಡಿಲ ಕೇಬಲ್. ಅವನ್ನು ಪಕ್ಕಕ್ಕಿಟ್ಟೆವು. ಗಂಟೆಯ ಅಂಕಣ ನೋಡಿದಾಗ ಇನ್ನೊಂದು ವಿಷಯ ಹೊಳೆಯಿತು. ಒಂದು ದಿನ 11:20ಕ್ಕೆ ಆರು ಮೆಷಿನ್‌ಗಳು ಒಟ್ಟಿಗೆ ಆಫ್ ಆಗಿದ್ದವು, ಅದರಲ್ಲಿ 2019ರವೂ ಇದ್ದವು. ಆರೂ ಒಂದೇ ನಿಮಿಷಕ್ಕೆ ಕೆಡುವುದಿಲ್ಲ ಅಲ್ವಾ? ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿ ತಡೆದುಕೊಂಡಿರಲಿಲ್ಲ. ಹೀಗೆ ಮೂರು ದಿನದ 14 ದಾಖಲೆ ಯುಪಿಎಸ್ ಲೆಕ್ಕಕ್ಕೆ ಹೋಯಿತು. ಅದರ ಬ್ಯಾಟರಿಯನ್ನು ಶಾಲೆಯ ನಿರ್ವಹಣೆ ಹಣದಲ್ಲೇ ಬದಲಿಸಿದೆವು.

7ನೇ ಮೆಷಿನ್‌ನದ್ದು ತಮಾಷೆ. ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ಮಕ್ಕಳು 'Your clock is behind' ಅಂತ ಪರದೆಯಲ್ಲಿದ್ದದ್ದನ್ನೇ ಬರೆದಿದ್ದರು. ರಾತ್ರಿ ಸ್ವಿಚ್ ಆಫ್ ಮಾಡಿದರೆ ಬೆಳಿಗ್ಗೆ ತಾರೀಖು ಹಿಂದಕ್ಕೆ ಹೋಗಿರುತ್ತಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಸೈಟಿನ ಭದ್ರತಾ ಪತ್ರವನ್ನು ನಂಬುವುದಿಲ್ಲ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್, CR2032, ಖಾಲಿಯಾಗಿತ್ತು. ಇಂಥ 6 ದಾಖಲೆ ಸೆಲ್ ಹಾಕಿದ ಮೇಲೆ ನಿಂತವು. ಇದೇ ಮೆಷಿನ್ ನನ್ನ ಮೇ ತಿಂಗಳ ಪತ್ರದಲ್ಲಿ 'ಉಪಯೋಗಕ್ಕೆ ಬಾರದ್ದು' ಅಂತಿತ್ತು!

ಹಾರ್ಡ್ ಡಿಸ್ಕ್ ದಾಖಲೆ 11. ಪಾಠ ಅರ್ಧಕ್ಕೆ ನಿಲ್ಲುವುದು, ಉಳಿಸಿದ ಫೈಲ್ ತೆರೆಯದೇ ಇರುವುದು. ಮೇಡಂ ಪ್ರತಿ ತಿಂಗಳು CrystalDiskInfo ಹಾಕಿ ಪರೀಕ್ಷಿಸುತ್ತಿದ್ದರು. ಅದರಲ್ಲಿ Current Pending Sector Count ಅನ್ನುವ ಸಾಲಿದೆ. ಡಿಸ್ಕಿಗೆ ಓದಲು ಆಗದೆ, ಮುಂದೆ ನೋಡೋಣ ಅಂತ ಗುರುತು ಹಾಕಿಟ್ಟ ಜಾಗಗಳ ಎಣಿಕೆ ಅದು. 9ನೇ ಮೆಷಿನ್‌ನಲ್ಲಿ ಜುಲೈಯಲ್ಲಿ 8, ಆಗಸ್ಟ್‌ನಲ್ಲಿ 18, ಸೆಪ್ಟೆಂಬರ್‌ನಲ್ಲಿ 38 ಅಂತ ನಾನು ಬರೆದುಕೊಂಡಿದ್ದೆ. ಆ ತಂತ್ರಾಂಶ ಸುಮ್ನೆ ಬಿಟ್ಟರೆ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ ಅಂತ ಮೇಡಂ ತಿದ್ದಿದರು. ನಿಜವಾದ ಎಣಿಕೆ 8, 24, 56. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ ಇದು ಸ್ವಲ್ಪ ಮುಜುಗರ. ಅಂಕಿ ಒಮ್ಮೆ ಬಂದು ಅಲ್ಲೇ ನಿಂತರೆ ಕಾಯಬಹುದು. ಹೀಗೆ ತಿಂಗಳಿಗೆ ದುಪ್ಪಟ್ಟಿಗೂ ಹೆಚ್ಚಾದರೆ ಡಿಸ್ಕ್ ಸಾಯುತ್ತಿದೆ ಎಂದೇ ಲೆಕ್ಕ. ಇಂಥ ಡಿಸ್ಕ್ ನಾಲ್ಕು ಸಿಕ್ಕವು. ಆದರೆ ಡಿಸ್ಕ್ ಹೋದರೆ ಕಂಪ್ಯೂಟರೇ ಹೋದಂತಲ್ಲ. ಒಂದು ಎಸ್‌ಎಸ್‌ಡಿ ಹಾಕಿದರೆ ಆಯಿತು.

ಉಳಿದ 18 ದಾಖಲೆ ಐದೇ ಮೆಷಿನ್‌ಗಳದ್ದು. ಒಂಟಿಯಾಗಿ, ಪಾಠದ ಮಧ್ಯೆ ಆಫ್ ಆಗುವುದು, ಮತ್ತೆ ಹತ್ತದಿರುವುದು. ಚೆನ್ನಾಗಿರುವ ಮೆಷಿನ್‌ನ ಪವರ್ ಸಪ್ಲೈ ಬಿಚ್ಚಿ ಹಾಕಿ ನೋಡಿದೆವು. ಹಾಗೂ ಆಫ್ ಆಯಿತು. ಮುಚ್ಚಳ ತೆಗೆದರೆ ಮೂರರ ಬೋರ್ಡಿನಲ್ಲಿ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ರಿಪೇರಿಯವರ ಹತ್ತಿರ ಐದಕ್ಕೂ 'ಬೋರ್ಡ್ ದೋಷ' ಅಂತ ಚೀಟಿ ಬರೆಸಿ ಸಹಿ ಹಾಕಿಸಿಕೊಂಡೆ. ಬಾಯಿಮಾತಿಗೆ ಸಭೆಯಲ್ಲಿ ಬೆಲೆಯಿಲ್ಲ.

ಡಿಸೆಂಬರ್‌ನ ಪತ್ರ ಒಂದೇ ಪುಟ. ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ,

ಜೂನ್‌ನಿಂದ ನವೆಂಬರ್‌ವರೆಗೆ ಲ್ಯಾಬಿನಲ್ಲಿ 68 ದೋಷಗಳು ದಾಖಲಾಗಿವೆ. ಇವುಗಳಲ್ಲಿ 39ನ್ನು ಶಾಲೆಯ ಹಂತದಲ್ಲೇ ಸರಿಪಡಿಸಿದ್ದೇವೆ. ಅವುಗಳಿಗೆ ಹಣ ಕೇಳುತ್ತಿಲ್ಲ.

ಮೆಷಿನ್ 3, 4, 6, 10, 12ರ ಮದರ್‌ಬೋರ್ಡ್ ದೋಷದಿಂದ 18 ಸಲ ಪಾಠ ನಿಂತಿದೆ. ಈ 5ನ್ನು ಬದಲಿಸಲು ತಲಾ ರೂ. 28,500ರಂತೆ ರೂ. 1,42,500 ಬೇಕು. ಮಾನಿಟರ್‌ಗಳು ಹಳೆಯವೇ ಸಾಕು. ಮೆಷಿನ್ 1, 5, 9, 11ಕ್ಕೆ ಎಸ್‌ಎಸ್‌ಡಿ ಹಾಕಲು ರೂ. 8,800. ಒಟ್ಟು ರೂ. 1,51,300.

46 ಮಕ್ಕಳ ತರಗತಿಯಲ್ಲಿ 20 ಮೆಷಿನ್ ಓಡಿದರೆ ಒಂದಕ್ಕೆ ಇಬ್ಬರು ಮೂವರು ಕೂರುತ್ತಾರೆ. ಈ 9 ನಿಂತರೆ ನಾಲ್ವರಿಂದ ಐವರು."

ದಾಖಲೆ ಪುಸ್ತಕದ ಜೆರಾಕ್ಸ್, ರಿಪೇರಿ ಚೀಟಿ, ಎಸ್.ಪಿ. ರೋಡಿನ ಮೂರು ಅಂಗಡಿಗಳ ಕೊಟೇಶನ್ ಲಗತ್ತಿಸಿದೆ. ಒಂದು ಕೊಟೇಶನ್ ವಾಪಸ್ ಕಳಿಸಬೇಕಾಯಿತು, ಅವರು ಕೊಡುವ ಡಬ್ಬಿಯಲ್ಲಿ ವಿಜಿಎ ಕಿಂಡಿಯೇ ಇರಲಿಲ್ಲ. ನಮ್ಮ ಹಳೆ ಮಾನಿಟರ್‌ಗಳಿಗೆ ಅದೇ ಬೇಕು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದದ್ದನ್ನು ಪತ್ರದಲ್ಲಿ ಹಾಕಲಿಲ್ಲ. 2013ರ ಮೆಷಿನ್‌ಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ, ನಿಜ. ಆದರೆ ಅದನ್ನು ಬರೆದಿದ್ದರೆ ಹನ್ನೆರಡನ್ನೂ ಬದಲಿಸಿ ಅಂತ ಹಿಂಬಾಗಿಲಿನಿಂದ ಕೇಳಿದಂತೆ ಆಗುತ್ತಿತ್ತು. ಉಳಿದ ಏಳಕ್ಕೆ ಉಬುಂಟು ಹಾಕಿ ಲಿಬ್ರೆ ಆಫೀಸ್‌ನಲ್ಲೇ ಪಾಠ ಮಾಡುತ್ತೇನೆ ಅಂತ ಮೇಡಂ ಒಪ್ಪಿದ್ದರು.

ಸಭೆಯಲ್ಲಿ ಕಾರ್ಯದರ್ಶಿಗಳು ಜೆರಾಕ್ಸ್ ಹಾಳೆಗಳನ್ನು ಒಂದೊಂದಾಗಿ ತಿರುವಿದರು. 11:20ರ ಪುಟದಲ್ಲಿ ನಿಂತರು. "ಇದಕ್ಕೆ ಯಾಕೆ ದುಡ್ಡು ಕೇಳಿಲ್ಲ?" ಬ್ಯಾಟರಿ ಕತೆ ಹೇಳಿದೆ. ಆಮೇಲೆ ಹೆಚ್ಚು ಪ್ರಶ್ನೆ ಬರಲಿಲ್ಲ. ಖಜಾಂಚಿಯವರು ಮಾತ್ರ ಐದರಲ್ಲಿ ಯಾವೆರಡು ಕಾಯಬಹುದು ಅಂತ ಕೇಳಿದರು. ಪುಸ್ತಕ ನೋಡಿ 6 ಮತ್ತು 12 ಅಂದೆ, ಅವು ತಲಾ ಎರಡೇ ಸಲ ನಿಂತಿದ್ದವು. ಮೂರು ಡಬ್ಬಿ, ನಾಲ್ಕು ಎಸ್‌ಎಸ್‌ಡಿ ತಕ್ಷಣ ಮಂಜೂರಾಯಿತು. ಉಳಿದೆರಡು ಏಪ್ರಿಲ್ ಬಜೆಟ್‌ಗೆ.

ಹೊಸ ಡಬ್ಬಿಗಳಿಗೂ 3, 4, 10 ಅಂತ ಅದೇ ನಂಬರ್ ಬರೆಸಿದ್ದೇವೆ. 4ರ ಹೊಸ ಪುಟದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳ ಮೊದಲ ದಾಖಲೆ ಇದೆ: 'ಬೆಳಿಗ್ಗೆ 10:40. ಮೌಸ್ ಇಲ್ಲ. 5ರವರು ತಗೊಂಡಿದ್ದಾರೆ.'