ಮಾಂಜಿಯೋ ರೂಪ್‌ಚಂದೋ: ಫೋಟೋದಲ್ಲೇ ಹಿಡಿಯುವ ನನ್ನ ದಾರಿ

ಫೋಟೋ ನೋಡಿ ಮೀನು ಹೇಳೋದು ಜಾತಕ ನೋಡಿ ಮಳೆ ಹೇಳಿದ ಹಾಗೆ ಅಂತ ನಕ್ಕವರೇ ಈಗ ಬೆಳಿಗ್ಗೆ ಐದಕ್ಕೆ ನನಗೆ ಫೋಟೋ ಕಳಿಸಿ "ಇದು ಯಾವುದು ನೋಡಿ ಮಾರಾಯ್ರೆ" ಅಂತಾರೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಇವುಗಳ ಬಗ್ಗೆ ಇಲ್ಲಿ ಬರೆಯೋದಿಲ್ಲ. ಈ ಕಸುಬಿನಲ್ಲಿರುವವರಿಗೆ ಅದೆಲ್ಲ ಗೊತ್ತಿರುವ ವಿಷಯ. ದುಡ್ಡು ಹೋಗುವುದು ಒಂದೇ ಕಡೆ, ಮಾಂಜಿಯಲ್ಲಿ. ಬಿಳಿ ಮಾಂಜಿ, ಕಪ್ಪು ಮಾಂಜಿ, ಕೆರೆಯಲ್ಲಿ ಸಾಕಿದ ರೂಪ್‌ಚಂದ್, ಪಂಜರದಲ್ಲಿ ಸಾಕಿದ ಪೊಂಪನೊ ನಾಲ್ಕೂ ತಟ್ಟೆಯಂತೆ ಚಪ್ಪಟೆ. ಬೆಂಗಳೂರಿನಂಥ ಒಳನಾಡಿನ ಅಂಗಡಿಗಳಲ್ಲಿ ನಾಲ್ಕೂ "ಪಾಂಫ್ರೆಟ್" ಹೆಸರಲ್ಲೇ ಐಸ್ ಮೇಲೆ ಮಲಗಿರುತ್ತವೆ.

ನನಗೆ ಬಿದ್ದ ಪೆಟ್ಟಿನ ಲೆಕ್ಕ ಮೊದಲು. ಫೋಟೋ ನಂಬಿ ತರಿಸಿದ ಒಂದು ಪೆಟ್ಟಿಗೆ, ಸುಮಾರು 12 ಕೆಜಿ, ಕೆಜಿಗೆ 650ರಂತೆ 7,800 ರೂಪಾಯಿ. ಬಂದದ್ದು ರೂಪ್‌ಚಂದ್. ಆಗ ಅದರ ಸಗಟು ದರ 180ರ ಆಸುಪಾಸು, ಅಂದರೆ ಮಾಲಿನ ಬೆಲೆ ಎರಡು ಸಾವಿರ ಚಿಲ್ಲರೆ. ಐದೂವರೆ ಸಾವಿರ ಒಂದೇ ಬೆಳಿಗ್ಗೆ ಹೋಯಿತು. ಆ ಫೋಟೋ ಇವತ್ತಿಗೂ ಫೋನಿನಲ್ಲಿದೆ. ಈಗ ನೋಡಿದರೆ ತಪ್ಪು ಕಣ್ಣಿಗೆ ರಾಚುತ್ತದೆ. ಆವತ್ತು ನಾನು ನೋಡಿದ್ದು ಆಕಾರ ಮತ್ತು ಬಣ್ಣ ಮಾತ್ರ.

ಬಣ್ಣವನ್ನು ಪೂರ್ತಿ ಬಿಟ್ಟುಬಿಡಿ. ಅಂಗಡಿಯ ಮೇಲೆ ನೀಲಿ ಟಾರ್ಪಾಲು ಇದ್ದರೆ ಕಪ್ಪು ಮಾಂಜಿಯೂ ಬೆಳ್ಳಿಯಂತೆ ಹೊಳೆಯುತ್ತದೆ, ಕೆಂಪು ಟಾರ್ಪಾಲು ಇದ್ದರೆ ಬಿಳಿ ಮಾಂಜಿಗೂ ಹೊಟ್ಟೆ ಕೆಂಪೇರುತ್ತದೆ. ರೂಪ್‌ಚಂದ್‌ಗೆ ಎದೆ, ಹೊಟ್ಟೆ ಕೇಸರಿ ಕೆಂಪು ಅಂತ ಎಲ್ಲರೂ ಹೇಳುತ್ತಾರೆ. ಜೀವಂತ ಇದ್ದಾಗ ನಿಜ. ಐಸಿನಲ್ಲಿ ಎರಡು ದಿನ ಮಲಗಿದ ಮೇಲೆ ಆ ಕೆಂಪು ತೊಳೆದು ಹೋಗಿ ತಿಳಿ ಗುಲಾಬಿ ಉಳಿಯುತ್ತದೆ, ಅದನ್ನೇ ಮಾರುವವರು "ತಾಜಾ ರಕ್ತ" ಅನ್ನುತ್ತಾರೆ.

ಆಕಾರದ ಅಳತೆಯಲ್ಲೂ ಒಂದು ತಿಂಗಳು ಹಾಳು ಮಾಡಿದೆ. ಮೂತಿಯಿಂದ ಬಾಲದ ಬುಡದವರೆಗಿನ ಉದ್ದವನ್ನು ಮೈಯ ಅಗಲದಿಂದ ಭಾಗಿಸುವ ಲೆಕ್ಕ. ನಾನು ಅಳೆದ ಬಿಳಿ ಮಾಂಜಿಗಳಲ್ಲಿ ಅದು ಒಂದೂವರೆಯ ಸುತ್ತಮುತ್ತ ಬಂತು, ರೂಪ್‌ಚಂದ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ, ಒಂದು ಮುಕ್ಕಾಲರ ಹತ್ತಿರ. ಕೈಯಲ್ಲಿ ಹಿಡಿದು ಅಳೆದಾಗ ಚೆನ್ನಾಗಿಯೇ ಇತ್ತು. ಫೋಟೋದಲ್ಲಿ ಕೆಟ್ಟಿತು. ಮೀನು ಐಸ್ ಗುಡ್ಡೆಗೆ ಒರಗಿ 30 ಡಿಗ್ರಿ ವಾಲಿದ್ದರೆ ಅಗಲ ಶೇಕಡಾ 13ರಷ್ಟು ಕಡಿಮೆ ಕಾಣುತ್ತದೆ. 1.5 ಇದ್ದದ್ದು 1.7 ದಾಟುತ್ತದೆ, ಮಾಂಜಿ ರೂಪ್‌ಚಂದ್ ಆಗಿಬಿಡುತ್ತದೆ. ಫೋನನ್ನು ಮೂತಿಯ ಹತ್ತಿರ ಹಿಡಿದರಂತೂ ತಲೆ ದಪ್ಪವಾಗಿ, ಬಾಲ ಸಣ್ಣದಾಗಿ ಇನ್ನೊಂದೇ ಮೀನು ಕಾಣುತ್ತದೆ. ಆ ಅಳತೆ ಬಿಟ್ಟೆ.

ಆಮೇಲೆ ರೆಕ್ಕೆಗೆ ಬಂದೆ. ರೂಪ್‌ಚಂದ್‌ನ ಬೆನ್ನಿನ ರೆಕ್ಕೆ ಮುಗಿದು ಬಾಲ ಶುರುವಾಗುವ ನಡುವೆ ಒಂದು ಪುಟ್ಟ ಮಾಂಸದ ರೆಕ್ಕೆ ಇರುತ್ತದೆ, ಕಡ್ಡಿಗಳಿಲ್ಲದ್ದು, ಕಿರುಬೆರಳಿನ ಉಗುರಿನಷ್ಟು. ಬಿಳಿ ಮಾಂಜಿ, ಕಪ್ಪು ಮಾಂಜಿ, ಪೊಂಪನೊ ಮೂರಕ್ಕೂ ಅದು ಇಲ್ಲ. ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ರೂಪ್‌ಚಂದ್‌ಗೂ ಪೊಂಪನೊಗೂ ಇದೆ, ಮಾಂಜಿಗಳಿಗೆ ಇಲ್ಲ. ಕಪ್ಪು ಮಾಂಜಿಯ ತೀರಾ ಸಣ್ಣ ಮರಿಗೆ ಇರುತ್ತದೆ, ಆದರೆ ಆ ಗಾತ್ರದ್ದನ್ನು ಯಾರೂ ಮಾಂಜಿ ದರಕ್ಕೆ ಮಾರುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡೆ. ಕೆಲವು ವಾರ ಸಾಕಾಯಿತು ಕೂಡ. ನಂತರ ರೆಕ್ಕೆ ಕತ್ತರಿಸಿದ ಮೀನಿನ ಫೋಟೋಗಳೇ ಬರತೊಡಗಿದವು. "ಸಾಗಿಸುವಾಗ ಚೀಲ ಹರಿಯುತ್ತೆ, ಅದಕ್ಕೇ ಕತ್ತರಿಸೋದು" ಅನ್ನುವ ಕಾರಣವೂ ಜೊತೆಗೆ. ಬಾಲದ ಕವೆಯನ್ನು ನಂಬಿದ್ದವರ ಕಥೆಯೂ ಅಷ್ಟೇ. ಬಿಳಿ ಮಾಂಜಿಯ ಬಾಲದ ಕೆಳಗಿನ ಎಸಳು ಮೇಲಿನದ್ದಕ್ಕಿಂತ ಉದ್ದ, ಒಳ್ಳೆಯ ಗುರುತು. ಆದರೆ ಪೆಟ್ಟಿಗೆಯಲ್ಲಿ ಮೊದಲು ಮುರಿಯುವುದೂ ಅದೇ ಎಸಳು.

ಕೆಲಸ ಕೈಗೂಡಿದ್ದು ಕಿವಿರಿನ ಬಾಯಿ ನೋಡಲು ಶುರು ಮಾಡಿದ ಮೇಲೆ. ಮೀನು ತಾಜಾ ಇದೆಯೇ ಅಂತ ನೋಡಲು ಕಿವಿರಿನ ಮುಚ್ಚಳ ಎತ್ತುತ್ತೇವಲ್ಲ, ಬಿಳಿ ಮಾಂಜಿಯಲ್ಲಿ ಹಾಗೆ ಎತ್ತಲು ಬರುವುದಿಲ್ಲ. ಮುಚ್ಚಳದ ಚರ್ಮ ಕೆಳಗೆ ಗಂಟಲಿಗೆ ಅಂಟಿಕೊಂಡಿರುತ್ತದೆ. ಎದೆಯ ರೆಕ್ಕೆಯ ಬುಡದ ಮುಂದೆ ಅಂಗಿಯ ಕಾಜದಂಥ ಒಂದು ಕಿರು ನೆಟ್ಟಗಿನ ಸೀಳು ಮಾತ್ರ ಇರುತ್ತದೆ, ಅಷ್ಟೇ. ರೂಪ್‌ಚಂದ್, ಕಪ್ಪು ಮಾಂಜಿ, ಪೊಂಪನೊ ಮೂರರಲ್ಲೂ ಮುಚ್ಚಳ ಕೆಳಗೆ ಗಲ್ಲದವರೆಗೂ ಬಿಡಿಯಾಗಿ ಬಾಗಿಲಿನಂತೆ ತೆರೆಯುತ್ತದೆ. ರೆಕ್ಕೆ ಕತ್ತರಿಸಬಹುದು, ಹೊಟ್ಟೆ ತೊಳೆಯಬಹುದು, ತಲೆ ಇರುವವರೆಗೆ ಈ ಸೀಳನ್ನು ಬದಲಿಸಲಾಗದು. ಅಗಲವಾಗಿ ಕಿವಿರು ತೆರೆದು ಕೆಂಪು ತೋರಿಸುತ್ತಾ "ನೋಡಿ ಎಂಥಾ ತಾಜಾ ಬಿಳಿ ಮಾಂಜಿ" ಅಂತ ಫೋಟೋ ಕಳಿಸಿದರೆ, ಅವರೇ ಸಾಕ್ಷಿ ಕೊಟ್ಟ ಹಾಗಾಯಿತು.

ನಾನು ಕೇಳುವುದು ಮೂರು ಫೋಟೋ. ಮೊದಲನೆಯದು ಇಡೀ ಮೀನು, ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಮಲಗಿಸಿ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು. ಆ ನಾಣ್ಯ 27 ಮಿಲಿಮೀಟರ್, ಗಾತ್ರ ತಿಳಿಯಲು ಸಾಕು. ಫೋನು ಎರಡಡಿ ಮೇಲೆ, ನೇರ ಕೆಳಗೆ ನೋಡುವಂತೆ, ಜೂಮ್ ಎರಡು ಪಟ್ಟು. ಎರಡನೆಯದು ಕಣ್ಣಿನಿಂದ ಎದೆಯ ರೆಕ್ಕೆಯವರೆಗೆ ಹತ್ತಿರದ್ದು, ಕಿವಿರಿನ ಮುಚ್ಚಳವನ್ನು ಬೆರಳಿನಿಂದ ಮೇಲೆತ್ತಿ. ಅದಕ್ಕೆ ಮುಂಚೆ ಒಂದು ಲೋಟ ನೀರು ಸುರಿದು ಲೋಳೆ ತೊಳೆಯಬೇಕು, ಇಲ್ಲದಿದ್ದರೆ ಸೀಳು ಲೋಳೆಯಲ್ಲಿ ಮುಚ್ಚಿಹೋಗಿ ಏನೂ ಕಾಣುವುದಿಲ್ಲ. ಮೂರನೆಯದು ಬಾಲದ ಬುಡ. ಫ್ಲ್ಯಾಷ್ ಬೇಡ, ಇನ್ನೊಂದು ಫೋನಿನ ಟಾರ್ಚನ್ನು ಮೀನಿನ ಮಟ್ಟಕ್ಕೆ ಇಳಿಸಿ ಅಡ್ಡ ಬೆಳಕು ಹಾಯಿಸಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಹುರುಪೆಯೆಲ್ಲ ಕಲಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಡ್ಡ ಬೆಳಕು ಕಪ್ಪು ಮಾಂಜಿಗಾಗಿ. ಅದು ಮಾಂಜಿ ಅನ್ನಿಸಿಕೊಂಡರೂ ಬಿಳಿ ಮಾಂಜಿಯ ಕುಲದ್ದಲ್ಲ, ಪಾರೆ ಮೀನಿನ ಕುಟುಂಬದ್ದು. ಮೈಯ ಪಕ್ಕದ ಗೆರೆ ಬಾಲದ ಬುಡಕ್ಕೆ ಬಂದಾಗ ಅಲ್ಲಿನ ಹುರುಪೆ ಗಟ್ಟಿಯಾಗಿ ಸಣ್ಣ ಏಣಿನಂತೆ ಎದ್ದಿರುತ್ತದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ, ನೇರ ಫ್ಲ್ಯಾಷಿನಲ್ಲಿ ಕಾಣುವುದೇ ಇಲ್ಲ, ಅಡ್ಡ ಬೆಳಕಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತದೆ. ಬಿಳಿ ಮಾಂಜಿಯ ಬಾಲದ ಬುಡ ನುಣುಪು. ಅದರ ಹುರುಪೆ ತೀರಾ ಸಣ್ಣದು, ಮುಟ್ಟಿದರೆ ಉದುರುತ್ತದೆ, ಅದಕ್ಕೇ ಫೋಟೋದಲ್ಲಿ ಮೈಮೇಲೆ ಬೆಳ್ಳಿ ಹಾಳೆ ಅಲ್ಲಲ್ಲಿ ಕಿತ್ತ ಹಾಗೆ ಬೂದು ತೇಪೆಗಳು ಇರುತ್ತವೆ. ರೂಪ್‌ಚಂದ್‌ನ ಹುರುಪೆಯೂ ಸಣ್ಣದೇ, ಆದರೆ ಗಟ್ಟಿಯಾಗಿ ಕೂತಿರುತ್ತದೆ. ಎರಡು ದಿನದ ಮೀನಿನಲ್ಲೂ ಹೆಣೆದ ಚಾಪೆಯಂತೆ ಸಾಲು ಕೆಡದೆ ಕಾಣುತ್ತದೆ. ಐಸಿನಲ್ಲಿ ಉರುಳಾಡಿ ಬಂದ "ಬಿಳಿ ಮಾಂಜಿ"ಯ ಮೈ ಒಂದೂ ತೇಪೆಯಿಲ್ಲದೆ ಅಚ್ಚುಕಟ್ಟಾಗಿದ್ದರೆ ನನಗೆ ಅಲ್ಲೇ ಅನುಮಾನ.

ಈಚಿನ ಒಂದು ಮಾಲನ್ನೇ ತೆಗೆದುಕೊಳ್ಳಿ. ನಾಣ್ಯದ ಲೆಕ್ಕದಲ್ಲಿ ಮೀನು ಒಂಬತ್ತು ನಾಣ್ಯ ಉದ್ದ, ಅಂದರೆ 24 ಸೆಂಟಿಮೀಟರ್ ಚಿಲ್ಲರೆ. ಬಾಲ ಕತ್ತರಿಸಿದೆ, ಹೊಟ್ಟೆಯ ಕೆಳಗೆ ಏನೂ ಇಲ್ಲ, ಬಣ್ಣ ಬೂದು ಬಿಳಿ. ಹೇಳಿದ್ದು ಬಿಳಿ ಮಾಂಜಿ, ಕೆಜಿಗೆ 700. ಹೊಟ್ಟೆಯ ಜಾಗವನ್ನು ಹಿಗ್ಗಿಸಿ ನೋಡಿದರೆ ಅಕ್ಕಪಕ್ಕ ಎರಡು ಕಿರು ಗಾಯದ ಗುರುತು, ರೆಕ್ಕೆ ಕಿತ್ತದ್ದು. ಬೆನ್ನಿನ ಹಿಂಭಾಗದಲ್ಲಿ ಇನ್ನೊಂದು ಕಲೆ. ಇಷ್ಟಕ್ಕೇ ತೀರ್ಮಾನ ಹೇಳಲಿಲ್ಲ, ಐಸಿನ ಚೂರು ಒತ್ತಿದರೂ ಹೀಗೆ ಕಲೆ ಬೀಳಬಹುದು. ಎರಡನೇ ಫೋಟೋ ಕೇಳಿದೆ. ಮುಚ್ಚಳ ಗಲ್ಲದವರೆಗೆ ತೆರೆದಿತ್ತು. ಈಗ ಬಿಳಿ ಮಾಂಜಿ ಹೋಯಿತು, ಉಳಿದದ್ದು ಮೂರು. ಬಾಲದ ಬುಡದಲ್ಲಿ ಏಣಿಲ್ಲ, ಕಪ್ಪು ಮಾಂಜಿಯೂ ಹೋಯಿತು. ಪೊಂಪನೊ ಆಗಿದ್ದರೆ ಬೆನ್ನಿನ ರೆಕ್ಕೆಯ ಮುಂದೆ ಬಿಡಿಬಿಡಿಯಾಗಿ ಐದಾರು ಕಿರು ಮುಳ್ಳು ನಿಂತಿರಬೇಕಿತ್ತು, ಇರಲಿಲ್ಲ. ಕೊನೆಗೆ ತುಟಿ ಎಳೆದು ಒಂದು ಫೋಟೋ ಹಾಕಿ ಅಂದೆ. ಮನುಷ್ಯರ ದವಡೆಯಂಥ ಅಗಲ ಹಲ್ಲು. ರೂಪ್‌ಚಂದ್. 15 ಕೆಜಿಯ ಮಾಲು ಬೇಡ ಅಂದೆ, ಏಳೆಂಟು ಸಾವಿರ ಉಳಿಯಿತು. ನಾಲ್ಕು ಫೋಟೋಗೆ ಹತ್ತು ನಿಮಿಷ.

ರೂಪ್‌ಚಂದ್ ಕೆಟ್ಟ ಮೀನಲ್ಲ. ಮಸಾಲೆ ಹಚ್ಚಿ ಹುರಿದರೆ ಚೆನ್ನಾಗಿಯೇ ಇರುತ್ತದೆ, ಅದರ ದರಕ್ಕೆ ಅದನ್ನು ಮಾರಿದರೆ ನಾನೂ ತರಿಸುತ್ತೇನೆ. ಇನ್ನೊಂದು, ಬಾಲದ ಕವೆ ಆಳವಿಲ್ಲದ, ಬೆನ್ನಿನ ರೆಕ್ಕೆ ಕುಡುಗೋಲಿನಂತೆ ಬಾಗದೆ ಅಗಲ ತ್ರಿಕೋನವಾಗಿರುವ ಮಾಂಜಿಯೂ ಬರುತ್ತದೆ. ಕಿವಿರಿನ ಸೀಳು ಅದರಲ್ಲೂ ಕಿರಿದೇ. ಅದು ಚೀನಾ ಮಾಂಜಿ ಅನ್ನುವ ಬೇರೆ ಜಾತಿ, ಸಮುದ್ರದ್ದೇ, ಅದನ್ನು ವಾಪಸ್ ಕಳಿಸಬೇಡಿ.

ಪೆಟ್ಟಿಗೆಯಲ್ಲಿ ಯಾವ ಮೀನನ್ನು ಎತ್ತಿಸಿ ಫೋಟೋ ತೆಗೆಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಬರೆಯುವುದಿಲ್ಲ. ಬರೆದರೆ ನಾಳೆಯೇ ಆ ಜಾಗಕ್ಕೆ ಒಳ್ಳೆಯ ಮೀನು ಬಂದು ಕೂರುತ್ತದೆ.

ತಲೆ ಕತ್ತರಿಸಿದ್ದಾದರೆ ಕಿವಿರಿನ ದಾರಿ ಮುಚ್ಚಿತು. ಆಗ ಹೊಟ್ಟೆಯ ಏಣನ್ನು ಅಡ್ಡ ಬೆಳಕಿನಲ್ಲಿ ನೋಡುತ್ತೇನೆ. ರೂಪ್‌ಚಂದ್‌ನ ಹೊಟ್ಟೆಯ ಅಂಚು ಗರಗಸದಂತೆ ಸಣ್ಣ ಹಲ್ಲುಹಲ್ಲಾಗಿರುತ್ತದೆ, ಮಾಂಜಿಯದ್ದು ಹಾಗಿರುವುದಿಲ್ಲ. ಹೊಟ್ಟೆ ಸೀಳಿ ಶುಚಿ ಮಾಡಿದ್ದರೆ ಅದೂ ಹೋಗಿರುತ್ತದೆ. ತಲೆಯೂ ಹೊಟ್ಟೆಯೂ ಇಲ್ಲದ ತುಂಡನ್ನು ಮಾಂಜಿ ದರಕ್ಕೆ ಫೋಟೋ ನೋಡಿ ನಾನು ತರಿಸುವುದಿಲ್ಲ.