ರಾತ್ರಿಯ ವಿಡಿಯೋ ಕಾಲ್ ಕಡಿದು ಹೋಗುವುದನ್ನು ನಾನು ನಿಲ್ಲಿಸಿದ್ದು ಹೀಗೆ

ಹಾಸನದ ನಮ್ಮ ಮನೆಯಿಂದ ನ್ಯೂಜೆರ್ಸಿಯ ತಂಗಿಗೆ ಬೆಳಿಗ್ಗೆ ಏಳಕ್ಕೆ ಕಾಲ್ ಮಾಡಿದರೆ ಎಲ್ಲ ಸಲೀಸು. ರಾತ್ರಿ ಎಂಟೂವರೆಗೆ ಮಾಡಿದರೆ ಮಾತೆಲ್ಲ ತುಂಡು ತುಂಡು. "ಅಮೆರಿಕ ದೂರ ಅಲ್ವಾ ಸಾರ್, ಅದು ಹಾಗೇನೇ" ಎಂದ ಲೈನಿನ ಹುಡುಗ. ದೂರ ಬೆಳಿಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ ಅಲ್ವಾ?

ಅವನ ಮಾತಿನಂತೆ ಪ್ಲಾನ್ ದೊಡ್ಡದು ಮಾಡಿಸಿದೆವು, ತಿಂಗಳಿಗೆ ಮುನ್ನೂರು ಚಿಲ್ಲರೆ ಜಾಸ್ತಿ. ಭಾವನ ಸಲಹೆಗೆ ಸುಮಾರು 1,800 ಕೊಟ್ಟು ರಿಪೀಟರ್ ಬಂತು. ಎರಡರಿಂದಲೂ ಏನೂ ಆಗಲಿಲ್ಲ.

ಸುಳಿವು ಕೊಟ್ಟವಳು ತಂಗಿ. ನಮಗೆ ಅವಳು ಚೆನ್ನಾಗಿ ಕಾಣುತ್ತಿದ್ದಳು. ಅವಳಿಗೆ ಮಾತ್ರ ಅಮ್ಮನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಅಂದರೆ ತೊಂದರೆ ನಮ್ಮ ಅಪ್‌ಲೋಡಿನದು. ಲ್ಯಾಪ್‌ಟಾಪಿನ ಎರಡು ಕಿಟಕಿಗಳಲ್ಲಿ ಇವನ್ನು ಓಡಿಸಿದೆ:

```
ping 192.168.1.1
ping 8.8.8.8
```

ಮೊದಲನೆಯದು ಮನೆಯ ರೂಟರಿಗೆ ಹೋಗಿಬರುವ ಸಮಯ ತೋರಿಸುತ್ತದೆ, ಎರಡನೆಯದು ಹೊರಗಿನ ಗೂಗಲ್ ಸರ್ವರಿಗೆ. ಮೊದಲನೆಯದು ಕುಣಿದರೆ ವೈಫೈ ದೋಷ. ನಮ್ಮಲ್ಲಿ ಅದು ಮೂರ್ನಾಲ್ಕು ಮಿಲಿಸೆಕೆಂಡಿನಲ್ಲಿ ನಿಂತಿತ್ತು, ರಿಪೀಟರ್ ಬೇಕೇ ಇರಲಿಲ್ಲ. ಎರಡನೆಯದು ಬೆಳಿಗ್ಗೆ 25ರ ಆಸುಪಾಸು, ರಾತ್ರಿ 500 ದಾಟುತ್ತಿತ್ತು. ಅಣ್ಣನ ಮಗನ ಫೋನಿನ ವೈಫೈ ಆರಿಸಿದ ತಕ್ಷಣ 40ಕ್ಕೆ ಇಳಿಯಿತು! ಅವನು ಕೆಲಸದಿಂದ ಬಂದು ಫೋನ್ ಚಾರ್ಜಿಗೆ ಹಾಕುತ್ತಾನೆ, ಆಗ ದಿನದ ಫೋಟೋ, ವಿಡಿಯೋಗಳ ಬ್ಯಾಕಪ್ ಶುರುವಾಗುತ್ತದೆ. ಅದೇ ಹೊತ್ತಿಗೆ ಬೀದಿಯವರೆಲ್ಲ ನೆಟ್ ಬಳಸುವುದರಿಂದ ಲೈನೂ ಸಣ್ಣದಾಗುತ್ತದೆ. ಅಮ್ಮನ ಮಾತು ಬ್ಯಾಕಪ್ಪಿನ ಹಿಂದೆ ಸಾಲಿನಲ್ಲಿ ಕಾಯುತ್ತದೆ.

ಸುಮಾರು 2,500ಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ನಡೆಯುವ ಹಳೇ ರೂಟರ್ ಸಿಕ್ಕಿತು. ಈ ಸಾಲನ್ನು ನಿಭಾಯಿಸುವ `luci-app-sqm` ಹಾಕಿ, ಅದರಲ್ಲಿ `cake` ವಿಧಾನ ಆಯ್ದುಕೊಂಡೆ. ಮುಖ್ಯವಾದದ್ದು ಅದಕ್ಕೆ ಕೊಡುವ ವೇಗದ ಮಿತಿ. ಪ್ಲಾನಿನಲ್ಲಿ ಬರೆದ ವೇಗದ ಮೇಲೆ ಲೆಕ್ಕ ಹಾಕಿದಾಗ ರಾತ್ರಿ ಮತ್ತೆ ಹಳೇ ಕಥೆ. ರಾತ್ರಿ ಒಂಬತ್ತಕ್ಕೆ ಅಳೆದರೆ ಅಪ್‌ಲೋಡ್ 14 ಎಂಬಿಪಿಎಸ್ ಬರುತ್ತಿತ್ತು. ಮಿತಿಯನ್ನು 12ಕ್ಕೆ ಇಟ್ಟೆ. ಆಗ ಸಾಲು ಆಪರೇಟರನ ಪೆಟ್ಟಿಗೆಯಲ್ಲಿ ಬೆಳೆಯದೆ ನನ್ನ ರೂಟರಿನಲ್ಲೇ ನಿಲ್ಲುತ್ತದೆ, `cake` ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಕಡಿಮೆ ಡೇಟಾ ಕಳಿಸುವ ಕಾಲಿಗೆ ದಾರಿ ಬಿಡುತ್ತದೆ. ಬ್ಯಾಕಪ್ ಓಡುತ್ತಿದ್ದರೂ ಪಿಂಗ್ ಈಗ 45 ದಾಟುವುದಿಲ್ಲ. ಹಗಲಿಗೊಂದು, ರಾತ್ರಿಗೊಂದು ಮಿತಿ ತಾನಾಗೇ ಬದಲಾಗುವಂತೆಯೂ ಮಾಡಿದ್ದೇನೆ. ಆ ಸ್ಕ್ರಿಪ್ಟ್ ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ ವಿಪಿಎನ್ ಹಾಕಿಯೂ ನೋಡಿದೆ. ಕೆಲವು ರಾತ್ರಿ ದಾರಿ ಬದಲಾಗಿ ಸ್ವಲ್ಪ ಉತ್ತಮ, ಕೆಲವು ರಾತ್ರಿ ಕೆಟ್ಟದು. ಬಿಟ್ಟುಬಿಟ್ಟೆ. ನ್ಯೂಜೆರ್ಸಿಗೆ ಹೋಗಿಬರಲು ಇನ್ನೂರರ ಮೇಲೆ ಮಿಲಿಸೆಕೆಂಡ್ ಬೇಕೇ ಬೇಕು, ಅದು ಯಾವ ರೂಟರಿಗೂ ಬಗ್ಗದು. ಆದರೆ ತಡ ಒಂದೇ ಸಮ ಇದ್ದರೆ ಮಾತು ಕೆಡುವುದಿಲ್ಲ.

ಮನೆಯಲ್ಲಿ ಎಲ್ಲ ಆರಿಸಿದ ಮೇಲೂ ಎರಡನೇ ಪಿಂಗ್ ಕುಣಿದರೆ ತೊಂದರೆ ಹೊರಗಿನದು. ಅಂಥ ರಾತ್ರಿ ನಾವು ಮೊಬೈಲ್ ಡೇಟಾಕ್ಕೆ ಹೋಗುತ್ತೇವೆ.