ಸ್ಪ್ಯಾನಿಷ್ ಕರಾರಿನಲ್ಲಿ ‘ಉಬಿಯೆರೆ’ ಹಿಡಿದದ್ದು ಹೀಗೆ: ನನ್ನ ಅನುಭವ

‘ಇದ್ದಲ್ಲಿ’, ‘ಆದಲ್ಲಿ’ ಅಂತ ಷರತ್ತು ಹಾಕಲು ಸ್ಪ್ಯಾನಿಷ್ ಕಾನೂನು ಕಾಗದಗಳಲ್ಲಿ ಬರುವ, ‘ರೆ’ಯಲ್ಲಿ ಮುಗಿಯುವ ಕ್ರಿಯಾರೂಪಕ್ಕೆ ಭವಿಷ್ಯತ್ ಸಂಭಾವನಾ ರೂಪ ಅಂತಾರೆ, ‘ಉಬಿಯೆರೆ’ ಅಂಥದ್ದು. ಮಾತಿನಲ್ಲಿ ಉಳಿದಿರುವುದು ‘ರಾ’ಯಲ್ಲಿ ಮುಗಿಯುವ ‘ಉಬಿಯೆರಾ’. ‘ಉಬಿಯೆರೆ ಸತ್ತ ರೂಪ, ಉಬಿಯೆರಾ ಅಂತಲೇ ಓದಿಕೊಂಡು ಮುಂದೆ ಹೋಗು’ ಅಂತ ನಮ್ಮ ಅನುವಾದಕರ ಬಳಗದಲ್ಲಿ ಸುಮಾರು ಜನ ಹೇಳಿದ್ದರು. ಮಾತಿನಲ್ಲಿ ಯಾರೂ ಬಳಸುವುದಿಲ್ಲ, ಒಪ್ಪುತ್ತೇನೆ. ಆದರೆ ನಮಗೆ ಕಾಸು ಕೊಡೋದು ಮಾತಲ್ಲ, ಕಾಗದ. ಸ್ಪೇನ್‌ನ 1995ರ ದಂಡ ಸಂಹಿತೆಯ 138ನೇ ವಿಧಿ ತೆಗೆದು ನೋಡಿ, ಕೊಲೆ ಮಾಡಿದವನಿಗೆ 10ರಿಂದ 15 ವರ್ಷ ಅನ್ನುವ ವಾಕ್ಯ ಶುರುವಾಗುವುದೇ ‘ಎಲ್ ಕೆ ಮತಾರೆ’ ಅಂತ. ಅಲ್ಲಿನ 1978ರ ಸಂವಿಧಾನದ 99ನೇ ವಿಧಿಯಲ್ಲೂ ಇದೆ: ಮೊದಲ ಮತದಾನದಿಂದ ಎರಡು ತಿಂಗಳೊಳಗೆ ಯಾರೂ ವಿಶ್ವಾಸಮತ ಪಡೆಯದಿದ್ದರೆ (‘ಉಬಿಯೆರೆ ಒಬ್ತೆನಿದೊ’) ರಾಜ ಎರಡೂ ಸದನ ವಿಸರ್ಜಿಸುತ್ತಾನೆ. 2016ರಲ್ಲೂ 2019ರಲ್ಲೂ ಆ ವಾಕ್ಯದ ಮೇಲೆಯೇ ಮತ್ತೆ ಚುನಾವಣೆ ನಡೆದದ್ದು. ಸತ್ತ ರೂಪಕ್ಕೆ ಇಷ್ಟು ಕೆಲಸ ಇದೆ ನೋಡಿ.

ನಾನು ಮಾಡುವುದು ಹೆಚ್ಚಾಗಿ ಬಾಡಿಗೆ, ಸಾಲ, ಆಸ್ತಿಯ ಕರಾರುಗಳು, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ. ಪದಕ್ಕೆ ಒಂದೂವರೆ ಎರಡು ರೂಪಾಯಿ, ಅದೂ ಚೌಕಾಸಿ ಆದಮೇಲೆ. ಅನುವಾದದ ಸಾಫ್ಟ್‌ವೇರ್‌ನಲ್ಲಿ ‘ಸಿ ಉಬಿಯೆರಾ’ ಮತ್ತು ‘ಸಿ ಉಬಿಯೆರೆ’ ಇರುವ ಎರಡು ವಾಕ್ಯ ಬಂದರೆ ಹೆಚ್ಚುಕಡಿಮೆ ಒಂದೇ ಅಂತ ತೋರಿಸುತ್ತದೆ, ಒಂದು ಅಕ್ಷರ ತಾನೇ ವ್ಯತ್ಯಾಸ. ಹಳೆಯ ಅನುವಾದವನ್ನೇ ಎತ್ತಿ ಕೂರಿಸುತ್ತದೆ. ‘ವಾರಸುದಾರರು ಯಾರಾದರೂ ಇದ್ದಲ್ಲಿ’ ಅಂತ ಬರಬೇಕಾದ ಕಡೆ ‘ಇದ್ದಿದ್ದರೆ’ ಅಂತಾಗಿಬಿಟ್ಟರೆ ವಕೀಲರು ಸುಮ್ನಿರ್ತಾರಾ? ಒಂದು ಏಜೆನ್ಸಿ ಇದೇ ಕಾರಣಕ್ಕೆ ನನ್ನ ಬಿಲ್ಲಿನಲ್ಲಿ ಕಾಲು ಭಾಗದಷ್ಟು ಮುರಿದುಕೊಂಡಿತು, ಅದೂ ಅವರೇ ಕಳಿಸಿದ್ದ ಹಳೆಯ ಅನುವಾದದ ಕಡತ ಬಳಸಿದ್ದಕ್ಕೆ. ಅಲ್ಲಿಂದ ಶುರುವಾಯಿತು ಹಟ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಅನುವಾದಕ್ಕೆ ಕೂರುವ ಮೊದಲೇ ಪಠ್ಯದಲ್ಲಿರುವ ‘ರೆ’ ರೂಪಗಳನ್ನೆಲ್ಲ ಹೊರಗೆ ಎಳೆಯುವುದು. ಬರೀ ‘ರೆ’ ಕೊನೆ ಅಂತ ಹುಡುಕಿದರೆ ಎಂತ್ರೆ, ಸೋಬ್ರೆ, ನೋಂಬ್ರೆ ಥರದ ಸಾದಾ ಪದಗಳೆಲ್ಲ ಬಂದು ಪರದೆ ತುಂಬುತ್ತದೆ. ತಿದ್ದಿ ತಿದ್ದಿ ಕೊನೆಗೆ ಉಳಿದ ಹುಡುಕುವ ಸಾಲು ಇದು:

```
grep -oiE '\w+[aáeé]re(n|mos)?\b' contrato.txt | sort | uniq -c | sort -rn
```

ಇದರಲ್ಲೂ ಕಸ ಇದೆ. ರೆಕಿಯೆರೆ, ರೆಫಿಯೆರೆ, ಅದ್ಕಿಯೆರೆ ಇಲ್ಲದ ಕರಾರು ಉಂಟಾ? ಅವೆಲ್ಲ ಸಾದಾ ವರ್ತಮಾನ ಕಾಲ. ದೆಕ್ಲಾರೆ, ಸೆಪಾರೆ ಇನ್ನೂ ಮೋಸ, ನೋಡೋಕೆ ಅಪ್ಪಟ ಭವಿಷ್ಯತ್ ಸಂಭಾವನಾ ರೂಪದ ಹಾಗೇ ಇರುತ್ತವೆ, ಆದರೆ ದೆಕ್ಲರಾರ್ ಧಾತುವಿನ ಆ ರೂಪ ದೆಕ್ಲರಾರೆ. ಇವನ್ನು ಜರಡಿ ಹಿಡಿಯಲು ‘ಅವರು’ ಅನ್ನುವ ಬಹುವಚನದ ಭೂತಕಾಲ ನೋಡುತ್ತೇನೆ. ಉಬಿಯೆರೋನ್, ತುಬಿಯೆರೋನ್, ದಿಹೆರೋನ್, ಕೊನೆಯ ‘ರೋನ್’ ತೆಗೆದು ‘ರೆ’ ಹಾಕಿ ಅದೇ ಪದ ಬಂದರೆ ಅಸಲಿ. ಅದ್ಕಿರಿಯೆರೋನ್‌ನಿಂದ ಬರುವುದು ಅದ್ಕಿರಿಯೆರೆ, ಅದ್ಕಿಯೆರೆ ಅಲ್ಲ. ಹೀಗೆ ಮಾಡಿದ ನನ್ನ ಹೊರಗಿಡುವ ಪಟ್ಟಿ ಈಗ ಇನ್ನೂರರ ಆಸುಪಾಸಿನಲ್ಲಿದೆ. ಅದನ್ನು ಮಾತ್ರ ಕೇಳಬೇಡಿ, ಅದೇ ನನ್ನ ಹೊಟ್ಟೆಪಾಡು.

ಎಲ್ಲರೂ ಕೈಚೆಲ್ಲಿದ್ದು ಮಾತ್ರ ಮೆಕ್ಸಿಕೊದ ಒಂದು ಹಳೆಯ ಸಾಲಪತ್ರದಲ್ಲಿ. ಟೈಪ್ ಮಾಡಿದ್ದು, ಪೂರ್ತಿ ದೊಡ್ಡಕ್ಷರ, é ಮೇಲಿನ ಗೆರೆಯಂಥ ಒತ್ತು ಗುರುತು ಒಂದೂ ಇಲ್ಲ. ನಲವತ್ತು ಚಿಲ್ಲರೆ ಪುಟ. ಇಂಥ ಸಾಲುಗಳು:

```
SI EL DEUDOR NO PAGARE EL PAGARE A SU VENCIMIENTO
DEBEMOS Y PAGAREMOS INCONDICIONALMENTE
SI NO PAGAREMOS EN LA FECHA CONVENIDA
```

ಇದು ‘ಆರ್’ ಕೊನೆಯ ಧಾತುಗಳ ತಾಪತ್ರಯ ಮಾತ್ರ. ‘ತಿನ್ನುತ್ತೇನೆ’ ಅನ್ನುವ ಕೊಮೆರೇ ಮತ್ತು ಅದರ ‘ರೆ’ ರೂಪ ಕೊಮಿಯೆರೆ ಒಂದಕ್ಕೊಂದು ಬೆರೆಯುವುದೇ ಇಲ್ಲ. ಪಗಾರೆ (ಕೊಡದೆ ಹೋದಲ್ಲಿ ಅನ್ನುವಾಗಿನದು) ಮತ್ತು ಪಗರೇ (ಕೊಡುತ್ತೇನೆ) ನಡುವೆ ಇರುವುದು ಬರೀ ಒಂದು ಗೆರೆ. ಸಾಲದ್ದಕ್ಕೆ ಪ್ರಾಮಿಸರಿ ನೋಟಿನ ಹೆಸರೂ ಪಗರೇ. ಸ್ಕ್ಯಾನ್ ಸರಿ ಮಾಡಿಸಿದರೆ ಗುರುತು ಕಾಣುತ್ತದೆ ಅಂತ ಯಾರೋ ಹೇಳಿದರು. ಮೂರು ಸಾವಿರದ ಹತ್ತಿರ ಸುರಿದು ಮತ್ತೆ ಸ್ಕ್ಯಾನ್ ಮಾಡಿಸಿದೆ. ಟೈಪ್ ಮಾಡಿದವನೇ ಹಾಕದ ಗುರುತು ಎಲ್ಲಿಂದ ಬರಬೇಕು!

ಕೊನೆಗೆ ಕೆಲಸ ಕೊಟ್ಟದ್ದು ಅಕ್ಕಪಕ್ಕದ ಪದ. ಮೊದಲ ಸಾಲಿನಲ್ಲಿ ‘ನೊ’ ಆದಮೇಲೆ ಬಂದದ್ದು ಕ್ರಿಯಾಪದ, ‘ಎಲ್’ ಆದಮೇಲೆ ಬಂದದ್ದು ನೋಟು. ಸಾಲಗಾರ ನೋಟಿನ ಹಣ ವಾಯಿದೆಗೆ ಕಟ್ಟದಿದ್ದಲ್ಲಿ ಅಂತ ಅರ್ಥ. ಎರಡನೆಯದರಲ್ಲಿ ‘ಸಿ’ ಇಲ್ಲ, ‘ಕೊಡಬೇಕಿದೆ ಮತ್ತು’ ಅನ್ನುವ ‘ದೆಬೆಮೋಸ್ ಇ’ ಜೊತೆಗಿದೆ, ಹಾಗಾಗಿ ಸಾದಾ ಭವಿಷ್ಯತ್ತು, ಕೊಟ್ಟೇ ಕೊಡುತ್ತೇವೆ ಅಂತ. ಮೂರನೆಯದೇ ಮಜಾ. ಷರತ್ತಿನ ‘ಸಿ’ ಪಕ್ಕದಲ್ಲಿ ಸ್ಪ್ಯಾನಿಷ್ ಸಾದಾ ಭವಿಷ್ಯತ್ತನ್ನು ಕೂರಿಸುವುದೇ ಇಲ್ಲ, ಹಾಗಾದರೆ ಅದು ಪಗಾರೆಮೋಸ್ ಆಗಲೇಬೇಕು. ಅದೇ ಪದ, ಅದೇ ಅಕ್ಷರ, ಒಂದು ಕಡೆ ವಾಗ್ದಾನ, ಇನ್ನೊಂದು ಕಡೆ ತಪ್ಪಿದರೆ ಏನು ಅನ್ನುವ ಷರತ್ತು. ಪರಿಶೀಲಿಸಿದ ವಕೀಲರು ಒಂದೇ ಒಂದು ಗುರುತೂ ಹಾಕದೆ ವಾಪಸ್ ಕಳಿಸಿದರು. ‘ಉಬಿಯೆರಾ ಅಂತ ಓದಿಕೋ’ ಅಂದಿದ್ದವರಲ್ಲಿ ಇಬ್ಬರು ಈಗ ತಮ್ಮ ಕಡತ ನನಗೇ ಕಳಿಸುತ್ತಾರೆ, ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.

ಸ್ಕ್ಯಾನ್‌ನಲ್ಲಿ ‘ಎ’, ‘ಅ’ ಅದಲುಬದಲಾಗಿದೆಯಾ ಅಂತ ಅನುಮಾನ ಬಂದರೆ ಮುಖ್ಯ ವಾಕ್ಯದ ಕ್ರಿಯಾಪದ ನೋಡಿ. ಅಲ್ಲಿ ‘ಪೊದ್ರಾ’ ಥರದ ಸಾದಾ ಭವಿಷ್ಯತ್ತು ಇದ್ದರೆ ‘ರೆ’ ಒಪ್ಪುತ್ತದೆ. ‘ಪೊದ್ರಿಯಾ’ ಅಥವಾ ‘ಅಬ್ರಿಯಾ’ ಥರದ ‘ಆಗಬಹುದಿತ್ತು’ ಅನ್ನುವ ರೂಪ ಇದ್ದರೆ ‘ರೆ’ ಅಲ್ಲಿಗೆ ಸೇರಿದ್ದಲ್ಲ, ಮೂಲ ಚಿತ್ರ ತೆಗೆದು ನೋಡಿ. ‘ಹೀಗಾಗಲಿ ಅಂತ ಕೇಳಿದ’ ಅನ್ನುವ ‘ಪಿದಿಯೊ ಕೆ’ ಥರದ ‘ಕೆ’ ಆದಮೇಲೆ ‘ರೆ’ ಬಂದರೂ ಅಷ್ಟೇ, ಗತ್ತಿಗೆ ಅಂತ ಬರೆಯುವ ಗುಮಾಸ್ತರು ಅಲ್ಲೂ ತುರುಕುತ್ತಾರೆ. ಆದರೆ ಇದು ಒಂದೇ ದಿಕ್ಕಿನ ಪರೀಕ್ಷೆ. ಈಗಿನವರು ‘ಪೊದ್ರಾ’ ಜೊತೆಗೂ ‘ರಾ’ ರೂಪ ಧಾರಾಳವಾಗಿ ಬರೆಯುತ್ತಾರೆ, ಅದನ್ನು ನೋಡಿ ‘ರೆ’ ಅಂತ ತಿದ್ದಲು ಹೋಗಬೇಡಿ.

ನಡುವೆ ಈ ರೂಪ ಇರುವ ಗಾದೆಗಳ ಹುಚ್ಚೂ ಹಿಡಿದಿತ್ತು. ‘ದೊಂದೆ ಫುಯೆರೆಸ್, ಆಸ್ ಲೊ ಕೆ ಬಿಯೆರೆಸ್’, ಹೋದ ಕಡೆ ಅಲ್ಲಿ ಕಂಡಂತೆ ನಡೆದುಕೋ. ಗಾದೆ ‘ನೀನು’ ಅಂತ ಮಾತಾಡುತ್ತದೆ, ಹಾಗಾಗಿ ಕೊನೆಗೆ ‘ಸ್’. ಅದೂ ಸಿಗಲಿ ಅಂತ ಆ ಸಾಲಿನಲ್ಲಿ `s` ಸೇರಿಸಿ ಕರಾರಿನ ಮೇಲೆ ಓಡಿಸಿದರೆ ಅಲ್ಕಿಲೆರೆಸ್, ಪೊದೆರೆಸ್, ತಿತುಲಾರೆಸ್, ಲುಗಾರೆಸ್ ಅಂತ ಬಾಡಿಗೆ, ಅಧಿಕಾರಪತ್ರ ಎಲ್ಲ ಸಾಲುಗಟ್ಟಿ ಬಂದವು. ಕರಾರು ಯಾರನ್ನೂ ‘ನೀನು’ ಅನ್ನುವುದಿಲ್ಲವಲ್ಲ, ತೆಗೆದುಹಾಕಿದೆ. ಗಾದೆಗೆ ಬೇರೆ ಸಾಲೇ ಇಟ್ಟುಕೊಂಡಿದ್ದೇನೆ.

ಪೋರ್ಚುಗೀಸಿನಲ್ಲಿ ಈ ರೂಪ ಇವತ್ತಿಗೂ ಬೀದಿಯಲ್ಲಿ ಜೀವಂತ. ಗೋವಾದ ಕುಟುಂಬ ಕಾನೂನಿಗೆ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯೇ ಆಧಾರ, ಕಾರವಾರದ ಕಡೆಯವರಿಗೆ ಆ ಕಾಗದಗಳ ಕೆಲಸ ಆಗಾಗ ಬರುತ್ತದೆ. ಅದರಲ್ಲೂ ನಾಲ್ಕು ಕಾಸು ಮಾಡೋಣ ಅಂತ ಪ್ರಯತ್ನಿಸಿದೆ. ಓವೇರ್, ತಿವೇರ್ ಥರದವು ಸಲೀಸಾಗಿ ಸಿಕ್ಕವು. ಆದರೆ ಅಲ್ಲಿ ಫಲಾರ್ ಥರದ ಸಾದಾ ಧಾತುಗಳಲ್ಲಿ ಮೂಲ ರೂಪವೂ ಇದೂ ಅಕ್ಷರಶಃ ಒಂದೇ, ಒತ್ತು ಗುರುತಿನ ಆಸರೆಯೂ ಇಲ್ಲ. ಕೈಯಲ್ಲೇ ಓದಬೇಕು. ಒಂದು ವಾರದ ಸಂಜೆಗಳು ಹೋದವು, ರೂಪಾಯಿ ಹುಟ್ಟಲಿಲ್ಲ, ಬಿಟ್ಟೆ.

ಈಗ ಹಳೆಯ ಟೈಪಿನ ಕಾಗದ ಬಂದರೆ ಈ ‘ರೆ’ ಸೋಸುವುದಕ್ಕೆ ಬೇರೆಯಾಗಿ, ಪುಟಕ್ಕೆ ಮೂವತ್ತು ನಲವತ್ತು ರೂಪಾಯಿ ಹಾಕುತ್ತೇನೆ. ಕೊಡಲ್ಲ ಅಂದವರಿಗೆ ಸೋಸದೆ ಮಾಡಿಕೊಡಲ್ಲ ಅಂತೀನಿ. ನಲವತ್ತು ಪುಟ ಸೋಸಲು ಮೊದಲು ಎರಡು ದಿನ ಹಿಡಿಯುತ್ತಿತ್ತು, ಈಗ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ.